ಸ್ಟೇಟ್‌ಮೆಂಟ್‌ನಲ್ಲಿ ತಿಂಗಳಿಗೆ 2,951 ಡಾಲರ್ ಅಂತಿತ್ತು. ಅದು ಯಾರಿಗೆ ಬರುವ ದುಡ್ಡು?

ಅಮೆರಿಕದಲ್ಲಿ ಕೆಲಸ ಮಾಡುತ್ತಾ ನಲವತ್ತು ದಾಟಿದವರು, ‘ಇನ್ನೊಂದೈದು ವರ್ಷ, ಆಮೇಲೆ ಊರಿಗೆ ಹೋಗಿಬಿಡೋಣ’ ಅಂತ ಪ್ರತಿ ಯುಗಾದಿಗೂ ಮಾತಾಡಿಕೊಳ್ಳುವವರು, ಸೋಷಿಯಲ್ ಸೆಕ್ಯುರಿಟಿ ಸ್ಟೇಟ್‌ಮೆಂಟ್ ತೆಗೆದು ಒಮ್ಮೆ ಸರಿಯಾಗಿ ಓದಿ. ನಾನು ಈಗಷ್ಟೇ ಓದಿ ಮುಗಿಸಿದೆ. ಓದೋದು ಅಂದರೆ ಒಂದು ಸಂಜೆ ಕೆಲಸ ಅಂದುಕೊಂಡಿದ್ದೆ. ತಿಂಗಳುಗಟ್ಟಲೆ ಎಳೆಯಿತು. ನನ್ನ ಹಾದಿಯಲ್ಲೇ ಬರುವವರಿಗೆ ಅಷ್ಟು ಸುತ್ತು ಬೇಡ ಅಂತ ಬರೆಯುತ್ತಿದ್ದೇನೆ.

ನಾನು 1980ರಲ್ಲಿ ಹುಟ್ಟಿದವಳು. 2010ರ ಜನವರಿಯಲ್ಲಿ ಇಲ್ಲಿ ಕೆಲಸ ಶುರು ಮಾಡಿದೆ. ಈಗಲೂ ಗ್ರೀನ್ ಕಾರ್ಡ್‌ನಲ್ಲೇ ಇದ್ದೇನೆ, ಸಿಟಿಜನ್ ಆಗಿಲ್ಲ. ಐವತ್ತಕ್ಕೆ ಮೈಸೂರಿಗೆ ವಾಪಸ್ ಹೋಗುವುದು ಅಂತ ಒಂದು ಯೋಜನೆ. ಅದಕ್ಕಾಗಿ ನನ್ನ ಗಂಡ ಒಂದು ಎಕ್ಸೆಲ್ ಹಾಳೆ ಮಾಡಿ, ‘67ರ ನಂತರದ ಆದಾಯ’ ಅನ್ನೋ ಸಾಲನ್ನು ಖಾಲಿ ಬಿಟ್ಟು, ಇದನ್ನು ನೀನು ತುಂಬು ಅಂತ ನನಗೆ ಕೊಟ್ಟರು. ಕಥೆ ಶುರುವಾಗಿದ್ದು ಅಲ್ಲಿಂದ.

ಮೊದಲ ಅಡ್ಡಿ ಲಾಗಿನ್. ssa.govನಲ್ಲಿ ಖಾತೆ ತೆರೆಯೋದು ಉಚಿತ, ಆದರೆ ಒಳಗೆ ಹೋಗಬೇಕಾದರೆ Login.gov ಅಥವಾ ID.me ಮೂಲಕವೇ ಹೋಗಬೇಕು. ಡ್ರೈವಿಂಗ್ ಲೈಸೆನ್ಸ್ ಫೋಟೋ ಕೊಟ್ಟೆ, ಒಪ್ಪಿಕೊಂಡಿತು. ಫೋನ್ ನಂಬರ್ ಕೊಟ್ಟೆ, ಒಪ್ಪಲಿಲ್ಲ. ನಮ್ಮದು ಫ್ಯಾಮಿಲಿ ಪ್ಲಾನ್, ಎಲ್ಲ ನಂಬರೂ ಗಂಡನ ಹೆಸರಲ್ಲಿವೆ. ಹಾಗಾದಾಗ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕೋಡ್ ಕಳಿಸುವ ದಾರಿ ಇದೆ, ಅದನ್ನೇ ಆರಿಸಿ. ಕಾಗದ ಬರುವವರೆಗೆ ಸುಮ್ನೆ ಕಾಯಬೇಕು, ಅಷ್ಟೆ.

ಒಳಗೆ ಹೋದ ಮೇಲೆ ಸ್ಟೇಟ್‌ಮೆಂಟ್ ಎರಡೇ ಪುಟ. ಮೊದಲ ಪುಟದಲ್ಲಿ ಒಂಬತ್ತು ಪಟ್ಟಿಗಳ ಚಿತ್ರ, 62ನೇ ವಯಸ್ಸಿನಿಂದ 70ರವರೆಗೆ. ಒಂದೊಂದು ವಯಸ್ಸಿಗೂ ತಿಂಗಳಿಗೆ ಇಷ್ಟು ಅಂತ. 1960 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಪೂರ್ಣ ನಿವೃತ್ತಿ ವಯಸ್ಸು 67. ನನ್ನ 67ರ ಪಟ್ಟಿಯ ಎದುರು 2,951 ಡಾಲರ್ ಅಂತಿತ್ತು. (ನನ್ನ ನಿಜವಾದ ಅಂಕಿಗಳು ಸ್ವಲ್ಪ ಆಚೀಚೆ ಇವೆ. ಲೆಕ್ಕ ಹಿಡಿಯೋಕೆ ಸುಲಭ ಆಗಲಿ ಅಂತ ಇಲ್ಲಿ ಎಲ್ಲವನ್ನೂ ರೌಂಡ್ ಮಾಡಿದ್ದೇನೆ.)

ಗಂಡ ನೋಡಿದ ತಕ್ಷಣ ‘ಪರವಾಗಿಲ್ವೇ, ಮೈಸೂರಲ್ಲಿ ರಾಜರ ಥರ ಇರಬಹುದು’ ಅಂತ 2,951ನ್ನು ಎಕ್ಸೆಲ್‌ಗೆ ಹಾಕೇಬಿಟ್ಟರು. ನನಗೆ ಯಾಕೋ ಸಮಾಧಾನ ಇಲ್ಲ. ನಾನು ಐವತ್ತಕ್ಕೆ ಕೆಲಸ ಬಿಡುತ್ತೇನೆ ಅಂತ ಇವರಿಗೆ ಹೇಗೆ ಗೊತ್ತು? ನಾನು ಯಾರಿಗೂ ಹೇಳಿಲ್ಲವಲ್ಲ.

ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನ ಗಂಡ ಅಕೌಂಟೆಂಟ್ ಆಗಿದ್ದು ನಿವೃತ್ತರಾದವರು. ಅವರಿಗೆ ಫೋನ್ ಮಾಡಿದೆ. ಭಾವ ಒಂದೇ ಪ್ರಶ್ನೆ ಕೇಳಿದರು: ‘ಆ ಚಿತ್ರದ ಹತ್ತಿರ ಸಣ್ಣಕ್ಷರದಲ್ಲಿ ಒಂದು ಡಾಲರ್ ಮೊತ್ತ ಇದೆ, ಓದಮ್ಮ.’ ಓದಿದೆ. ನೀವು ಪೆನ್ಷನ್ ಶುರು ಮಾಡುವವರೆಗೆ ವರ್ಷಕ್ಕೆ 84,000 ಡಾಲರ್ ದುಡಿಯುತ್ತಲೇ ಇರುತ್ತೀರಿ ಅಂತ ಭಾವಿಸಿ ಈ ಅಂದಾಜು ಮಾಡಲಾಗಿದೆ, ಅನ್ನೋ ಅರ್ಥದ ಸಾಲು ಅದು. ‘ಈಗ ಹೇಳು, 2,951 ಯಾರಿಗೆ ಬರೋದು?’ ಅಂದರು. 67ರವರೆಗೆ ಇಲ್ಲೇ ಇದ್ದು ದುಡಿಯುವವಳಿಗೆ. ನನಗಲ್ಲ.

ಆ ಮೊತ್ತ ಎಲ್ಲಿಂದ ಬಂತು ಅಂದರೆ, ಇತ್ತೀಚೆಗೆ ನಿಮ್ಮ ಹೆಸರಿಗೆ ದಾಖಲಾದ ವರ್ಷದ ಸಂಬಳ. ಅದನ್ನೇ ಹಾಗೇ ಮುಂದಕ್ಕೆ ಎಳೆಯುತ್ತಾರೆ. ಬಡ್ತಿ ಇಲ್ಲ, ಕೆಲಸ ಹೋಗೋದಿಲ್ಲ, ಮಕ್ಕಳಿಗಾಗಿ ರಜೆ ಇಲ್ಲ. ಆ ವರ್ಷ ಲೇಆಫ್ ಆಗಿ ಅರ್ಧ ಸಂಬಳ ಬಂದಿದ್ದರೆ ಇಡೀ ಅಂದಾಜು ಇಳಿದಿರುತ್ತದೆ, ದೊಡ್ಡ ಬೋನಸ್ ಬಂದಿದ್ದರೆ ಏರಿರುತ್ತದೆ. ನಿಮ್ಮ ಸ್ಟೇಟ್‌ಮೆಂಟ್ ತೆಗೆದಾಗ ಮೊದಲು ಆ ಮೊತ್ತ ಹುಡುಕಿ, ಅದು ನಿಮ್ಮ ಮಾಮೂಲಿ ಸಂಬಳವೇ ಅಂತ ನೋಡಿ. ಪಟ್ಟಿಗಳನ್ನು ಆಮೇಲೆ ನೋಡಬಹುದು.

ಇನ್ನೊಂದು, ಅಂದಾಜು ಇವತ್ತಿನ ಡಾಲರ್‌ನಲ್ಲಿದೆ. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳ ಬೆಲೆ ಏರಿಕೆ ಸೇರಿಸಿಲ್ಲ. ಗಂಡನ ಎಕ್ಸೆಲ್‌ನಲ್ಲಿ ಉಳಿದ ಖರ್ಚುಗಳಿಗೆಲ್ಲ ವರ್ಷಕ್ಕಿಷ್ಟು ಅಂತ ಏರಿಕೆ ಹಾಕಿದ್ದರು, ಈ ಸಾಲಿಗೆ ಮಾತ್ರ ಇರಲಿಲ್ಲ. ಒಂದೇ ಹಾಳೆಯಲ್ಲಿ ಎರಡು ಕಾಲದ ಡಾಲರ್ ಕೂಡಿಸಿದರೆ ಮೊತ್ತಕ್ಕೆ ಅರ್ಥವೇ ಇರೋದಿಲ್ಲ. ಎಲ್ಲ ಸಾಲನ್ನೂ ಇವತ್ತಿನ ಬೆಲೆಗೇ ಇಟ್ಟುಕೊಳ್ಳೋದು ಸುಲಭ, ನಾವು ಹಾಗೇ ಮಾಡಿದೆವು.

ಆಮೇಲೆ ಭಾವ ಕಾಗದ, ಪೆನ್ನು ತರಿಸಿದರು. ಪೆನ್ಷನ್ ಲೆಕ್ಕಕ್ಕೆ ನಿಮ್ಮ ಜೀವಮಾನದ ಅತಿ ಹೆಚ್ಚು ದುಡಿದ 35 ವರ್ಷಗಳನ್ನು ತೆಗೆದುಕೊಳ್ಳುತ್ತಾರೆ. ಹಳೆಯ ವರ್ಷಗಳ ಸಂಬಳವನ್ನು ದೇಶದ ಸರಾಸರಿ ಸಂಬಳ ಏರಿದ ಪ್ರಮಾಣದಲ್ಲೇ ಏರಿಸಿ ಇವತ್ತಿನ ಮಟ್ಟಕ್ಕೆ ತರುತ್ತಾರೆ. ಹಾಗಾಗಿ ಎರಡನೇ ಪುಟದಲ್ಲಿರುವ ಸಂಬಳಗಳನ್ನು ನೀವೇ ಕೂಡಿ ಸರಾಸರಿ ತೆಗೆದರೆ ಉತ್ತರ ಸರಿಬರೋದಿಲ್ಲ, ಅವು ಏರಿಸದೆ ಇರುವ ಅಂಕಿಗಳು. 35 ವರ್ಷ ದುಡಿಯದಿದ್ದರೆ ಉಳಿದ ವರ್ಷಗಳಿಗೆ ಸೊನ್ನೆ ಹಾಕುತ್ತಾರೆ. ಒಟ್ಟು ಮೊತ್ತವನ್ನು 420 ತಿಂಗಳಿಗೆ ಭಾಗಿಸಿದರೆ ತಿಂಗಳ ಸರಾಸರಿ ಸಿಗುತ್ತದೆ.

ನನ್ನ ಎಲ್ಲ ವರ್ಷವೂ ಏರಿಸಿದ ಲೆಕ್ಕದಲ್ಲಿ 84,000 ಅಂತ ಇಟ್ಟುಕೊಳ್ಳಿ. 67ರವರೆಗೆ ದುಡಿದರೆ 35 ವರ್ಷವೂ ತುಂಬುತ್ತದೆ, ಸರಾಸರಿ ತಿಂಗಳಿಗೆ 7,000. ಅದಕ್ಕೆ 2025ರ ಸೂತ್ರ ಹೀಗೆ: ಮೊದಲ 1,226 ಡಾಲರ್‌ಗೆ ಶೇಕಡಾ 90, ಅಲ್ಲಿಂದ 7,391ರವರೆಗೆ ಶೇಕಡಾ 32, ಅದರ ಮೇಲೆ ಶೇಕಡಾ 15. ನನ್ನ 7,000 ಎರಡನೇ ಮೆಟ್ಟಿಲಲ್ಲೇ ನಿಲ್ಲುತ್ತದೆ.

```
1226 × 0.90 = 1103.40
(7000 − 1226) × 0.32 = 1847.68
ಒಟ್ಟು = 2951.08
```

ಸ್ಟೇಟ್‌ಮೆಂಟ್‌ನ ಅಂಕಿ ಕಾಗದದ ಮೇಲೆ ಹಾಗೇ ಬಂದಾಗ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅದು ಯಾವುದೋ ಕಂಪ್ಯೂಟರ್ ಉಗುಳಿದ ಸಂಖ್ಯೆಯಾಗಿತ್ತು.

ಈಗ ನನ್ನ ನಿಜವಾದ ಯೋಜನೆ. 2010ರಿಂದ 2029ರವರೆಗೆ ಇಪ್ಪತ್ತು ವರ್ಷ ದುಡಿದು ಹೊರಟೆ, ಉಳಿದ ಹದಿನೈದಕ್ಕೆ ಸೊನ್ನೆ. ಸರಾಸರಿ 7,000ದಿಂದ 4,000ಕ್ಕೆ ಇಳಿಯುತ್ತದೆ. ಆದರೆ ಸೂತ್ರಕ್ಕೆ ಹಾಕಿದರೆ ಪೆನ್ಷನ್ 1,991. ಅಂದರೆ ಸರಾಸರಿ ಶೇಕಡಾ 43 ಇಳಿದರೂ ಪೆನ್ಷನ್ ಇಳಿದಿದ್ದು ಮೂರನೇ ಒಂದು ಪಾಲು ಮಾತ್ರ. ಕಾರಣ ಆ ಶೇಕಡಾ 90ರ ಮೆಟ್ಟಿಲು. ಅದು ಮೊದಲ ಕೆಲವೇ ವರ್ಷಗಳ ದುಡಿಮೆಯಲ್ಲಿ ತುಂಬಿಬಿಡುತ್ತದೆ. ಆಮೇಲೆ ನಾನು ಕಳೆದುಕೊಳ್ಳೋದು ಶೇಕಡಾ 32ರ ಡಾಲರ್‌ಗಳನ್ನು. ಒಂದು ವರ್ಷ ದುಡಿಯದಿದ್ದರೆ ಎಷ್ಟು ಹೋಗುತ್ತದೆ? 84,000ವನ್ನು 420ರಿಂದ ಭಾಗಿಸಿ, 200. ಅದರ ಶೇಕಡಾ 32, ತಿಂಗಳಿಗೆ 64 ಡಾಲರ್. ಈ 64ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

62ರ ಪಟ್ಟಿಯ ಬಗ್ಗೆಯೂ ಒಂದು ಮಾತು. 67ರ ಬದಲು 62ಕ್ಕೇ ತೆಗೆದುಕೊಂಡರೆ ಶೇಕಡಾ 70 ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿ. 2,951ರ ಶೇಕಡಾ 70 ಅಂದರೆ 2,065. ಆದರೆ ನನ್ನ 62ರ ಪಟ್ಟಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿದರೆ ಬರೋದು 1,931. ಯಾಕೆಂದರೆ ಆ ಪಟ್ಟಿ ನಾನು 62ಕ್ಕೇ ಕೆಲಸವನ್ನೂ ನಿಲ್ಲಿಸಿದೆ ಅಂತ ಭಾವಿಸುತ್ತದೆ. ಆಗ ನನಗೆ 32 ವರ್ಷ ಮಾತ್ರ ಆಗಿರುತ್ತದೆ, ಮೂರು ಸೊನ್ನೆ ಒಳಗೆ ಬರುತ್ತವೆ. ಹೀಗೆ ಪಟ್ಟಿಗಳ ನಡುವಿನ ವ್ಯತ್ಯಾಸದಲ್ಲಿ ಎರಡು ವಿಷಯ ಕಲಸಿಕೊಂಡಿವೆ, ಯಾವಾಗ ತೆಗೆದುಕೊಂಡಿರಿ ಅನ್ನೋದು ಮತ್ತು ಎಷ್ಟು ವರ್ಷ ದುಡಿದಿರಿ ಅನ್ನೋದು. ಇಲ್ಲಿಗೆ ತಡವಾಗಿ ಬಂದ ನಮ್ಮಂಥವರಿಗೆ ಇದು ಜಾಸ್ತಿ ತಟ್ಟುತ್ತದೆ. ಹದಿನೆಂಟಕ್ಕೇ ಕೆಲಸ ಶುರು ಮಾಡಿದ ಇಲ್ಲಿನವರಿಗೆ 62ರ ಹೊತ್ತಿಗೆ 35 ವರ್ಷ ಯಾವಾಗಲೋ ತುಂಬಿರುತ್ತದೆ.

‘ಇನ್ನೊಂದು ಪರೀಕ್ಷೆ ಮಾಡು’ ಅಂದರು ಭಾವ. ಅದೇ ಖಾತೆಯ ಒಳಗೆ ಒಂದು ಕ್ಯಾಲ್ಕುಲೇಟರ್ ಇದೆ, ಮುಂದಿನ ವರ್ಷಗಳ ಸಂಬಳವನ್ನು ನಾವೇ ಬದಲಿಸಬಹುದು. ಅಲ್ಲಿ 0 ಹಾಕಿದರೆ ಇವತ್ತೇ ಕೆಲಸ ಬಿಟ್ಟರೆ 67ಕ್ಕೆ ಎಷ್ಟು ಅಂತ ತೋರಿಸುತ್ತದೆ. ಅಂದರೆ ಈಗಾಗಲೇ ಸಂಪಾದಿಸಿ ಆಗಿರುವ ಭಾಗ. 2024ರವರೆಗಿನ ಹದಿನೈದು ವರ್ಷ, ಸರಾಸರಿ 3,000. ಕಾಗದದ ಮೇಲೆ ನಮ್ಮ ಉತ್ತರ 1,671.

ಕ್ಯಾಲ್ಕುಲೇಟರ್ 1,607 ಅಂದಿತು.

ವ್ಯತ್ಯಾಸ 64. ಭಾವ ಫೋನಿನಲ್ಲಿ ಒಂದು ಕ್ಷಣ ಸುಮ್ಮನಿದ್ದು, ‘ಒಂದು ವರ್ಷ ಎಲ್ಲೋ ಕಾಣೆಯಾಗಿದೆ, ಎರಡನೇ ಪುಟ ತೆಗಿ’ ಅಂದರು. ವರ್ಷವಾರು ಸಂಬಳದ ಪಟ್ಟಿಯಲ್ಲಿ 2010ರ ಎದುರು 0 ಇತ್ತು. ಆ ವರ್ಷ ಪೂರ್ತಿ ಕೆಲಸ ಮಾಡಿದ್ದೇನೆ, ಪ್ರತಿ ಸಂಬಳದಲ್ಲೂ ತೆರಿಗೆ ಹಿಡಿದಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಮೊದಲ ಪುಟದ 2,951ರಲ್ಲಿ ಈ ತಪ್ಪಿನ ಸುಳಿವೇ ಇರಲಿಲ್ಲ. 67ರವರೆಗೆ ದುಡಿದರೆ ನನಗೆ ಒಟ್ಟು 37 ವರ್ಷ ಆಗುತ್ತದೆ. ಒಂದು ಹೋದರೂ 36, ಬೇಕಾಗಿರೋದು 35. ಅಂದಾಜು ಒಂದು ಡಾಲರ್ ಕೂಡ ಅಲುಗಾಡಲಿಲ್ಲ. ‘ಹೀಗೇ ದುಡಿಯುತ್ತೀರಿ’ ಅನ್ನೋ ಆ ಊಹೆಯೇ ಹಳೆಯ ತೂತನ್ನು ಮುಚ್ಚಿಟ್ಟಿತ್ತು. ಬೇಗ ಕೆಲಸ ಬಿಡುವವರಿಗೆ ಮಾತ್ರ ಆ ತೂತು ಕಾಣಿಸುತ್ತದೆ, ಅದೂ ಪೆನ್ಷನ್ ಬರುವ ಹೊತ್ತಿಗೆ, ಕಾಗದಪತ್ರ ಎಲ್ಲಿದೆಯೋ ಗೊತ್ತಿಲ್ಲದ ಕಾಲದಲ್ಲಿ. ಅದಕ್ಕೇ ಹೇಳೋದು, ಊರಿಗೆ ಹೋಗುವ ಯೋಚನೆ ಇದ್ದರೆ 0 ಹಾಕಿ ನೋಡಿ, ಎರಡನೇ ಪುಟದ ಪ್ರತಿ ಸಾಲನ್ನೂ ನೋಡಿ.

(ಎಲ್ಲ ಸೊನ್ನೆಯೂ ತಪ್ಪಲ್ಲ. F-1 ವೀಸಾದಲ್ಲಿ ಓದುತ್ತಾ, ಆಮೇಲೆ OPTಯಲ್ಲಿ ದುಡಿದವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಈ ತೆರಿಗೆಯೇ ಇರೋದಿಲ್ಲ. ಅವರಿಗೆ ಆ ವರ್ಷಗಳಲ್ಲಿ 0 ಇದ್ದರೆ ಅದು ಸರಿಯೇ. ನಾನು ಬಂದಿದ್ದು H-1Bಯಲ್ಲಿ.)

ಕಾರಣ ತಿಳಿಯೋಕೆ ಹಳೆಯ W-2 ಬೇಕಿತ್ತು. IRSನಿಂದ ಸಿಗುವ ಸಂಬಳದ ದಾಖಲೆ ಸುಮಾರು ಹತ್ತು ವರ್ಷ ಹಿಂದಿನವರೆಗೆ ಮಾತ್ರ, 2010 ಅದರ ಆಚೆ. ಆ ಕಂಪನಿ ಈಗ ಇಲ್ಲ. ಮನೆಯಲ್ಲಿ ಜಾಲಾಡಿದೆವು, ಸಿಗಲಿಲ್ಲ. ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ, 64 ಡಾಲರ್ ಅಂತಲ್ಲ, ದುಡಿದ ವರ್ಷವನ್ನೇ ಯಾರೋ ಅಳಿಸಿದ ಹಾಗಿತ್ತು. ಕೊನೆಗೆ ಮೈಸೂರಿನಲ್ಲಿ ಅಪ್ಪ ಹುಡುಕಿಕೊಟ್ಟರು. ಮೊದಲ ಸಲ ಊರಿಗೆ ಹೋದಾಗ ನಾನು ಬಿಟ್ಟುಬಂದ ಫೈಲನ್ನು ಗಾಡ್ರೇಜ್ ಬೀರುವಿನಲ್ಲಿ ಎಲ್‌ಐಸಿ ಬಾಂಡ್‌ಗಳ ಕೆಳಗೆ ಇಟ್ಟಿದ್ದರಂತೆ. ವಾಟ್ಸಾಪ್‌ನಲ್ಲಿ ಫೋಟೋ ಬಂತು.

ಫೋಟೋ ದೊಡ್ಡದು ಮಾಡಿ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಕಡೆಯ ಅನೇಕರ ಹಾಗೆ ನನ್ನ ಹಳೆಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಿದ್ದವರಿಗೆ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ FNU ಅಂತ ಹಾಕುತ್ತಾರೆ. ನನ್ನ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಕೂಡ ಅದರಂತೆಯೇ ಆಗಿತ್ತು. ಆದರೆ ಕಂಪನಿಯ ಪೇರೋಲ್‌ನವರು ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ನನ್ನ ಸರ್‌ನೇಮ್ ಅಂತ W-2ಗೆ ಹಾಕಿದ್ದರು. ನಂಬರ್ ಸರಿ ಇದ್ದರೂ ಹೆಸರು ಹೊಂದದಿದ್ದರೆ ಆ ಸಂಬಳ ಯಾರ ಖಾತೆಗೂ ಹೋಗದೆ, ಹೊಂದದ ದಾಖಲೆಗಳ ಒಂದು ದೊಡ್ಡ ಕಡತದಲ್ಲಿ ಹೋಗಿ ಕೂರುತ್ತದೆ. ಮುಂದಿನ ಕಂಪನಿಯವರು ಕಾರ್ಡ್ ನೋಡಿ ಹೆಸರು ಬರೆದುಕೊಂಡರು, ಹಾಗಾಗಿ 2011ರಿಂದ ಎಲ್ಲ ಸರಿ ಇದೆ.

ತಿದ್ದುವುದಕ್ಕೆ SSA-7008 ಅನ್ನೋ ಫಾರಂ ಇದೆ. ಶುಲ್ಕ ಇಲ್ಲ. ಸಾಮಾನ್ಯ ಗಡುವು, ಆ ವರ್ಷ ಮುಗಿದು 3 ವರ್ಷ, 3 ತಿಂಗಳು, 15 ದಿನ. ಇದನ್ನು ಓದಿ ಎದೆ ಧಸಕ್ಕೆಂದಿತು, ಆದರೆ ಗಡುವಿಗೆ ವಿನಾಯಿತಿಗಳಿವೆ, W-2 ಕೈಯಲ್ಲಿದ್ದರೆ ಹಳೆಯದು ಅಂತ ಕೈಬಿಡಬೇಡಿ. ಫಾರಂ ತುಂಬುವಾಗ W-2ನ ಮೊದಲ ಚೌಕದ ಮೊತ್ತ ಬರೆಯಬೇಡಿ, ಮೂರನೆಯದನ್ನು ಬರೆಯಿರಿ. ಮೊದಲನೆಯದು ಆದಾಯ ತೆರಿಗೆಗೆ ಒಳಪಟ್ಟ ಸಂಬಳ, 401(k)ಗೆ ಹಾಕಿದ ದುಡ್ಡು ಕಳೆದದ್ದು. ಮೂರನೆಯದೇ ಸೋಷಿಯಲ್ ಸೆಕ್ಯುರಿಟಿ ಲೆಕ್ಕದ ಸಂಬಳ. ಪಟ್ಟಿಯ ಉಳಿದ ವರ್ಷಗಳನ್ನು ಹೋಲಿಸುವಾಗಲೂ ಇದೇ ಚೌಕ ನೋಡಿ.

ಅಂಚೆಯಲ್ಲೂ ಕಳಿಸಬಹುದಿತ್ತು, ಹೆಸರಿನ ಗೊಂದಲ ಇದ್ದದ್ದರಿಂದ ನಾನು ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಕಚೇರಿಗೇ ಹೋದೆ. ಹಳೆಯ ಪಾಸ್‌ಪೋರ್ಟ್, ವೀಸಾ ಪುಟ, ಕಾರ್ಡ್, W-2, ಎಲ್ಲದರ ಪ್ರತಿ ತೆಗೆದುಕೊಂಡು ಹೋಗಿ. ಕೌಂಟರಿನ ಹೆಂಗಸಿಗೆ ‘ಇದು ನನ್ನ ಅಪ್ಪನ ಹೆಸರು, ನನ್ನದಲ್ಲ’ ಅಂತ ಅರ್ಥ ಮಾಡಿಸೋಕೆ ಹೊತ್ತು ಹಿಡಿಯಿತು. ಆಮೇಲೆ ತಿಂಗಳುಗಳ ಮೌನ. ನಡುವೆ ಒಂದು ಪ್ಲಾನಿಂಗ್ ಸಂಸ್ಥೆಯವರು ನೂರಾರು ಡಾಲರ್ ಕೊಟ್ಟರೆ ಇದನ್ನೆಲ್ಲ ನಾವು ಮಾಡಿಕೊಡುತ್ತೇವೆ ಅಂದರು. ಬೇಡ ಅಂದೆ, ಅವರೂ ತುಂಬೋದು ಇದೇ ಫಾರಂ.

ಕಾಯುವಾಗ ಉಳಿದ ವಿಷಯಗಳನ್ನು ಭಾವನ ಹತ್ತಿರ ಕೇಳಿಕೊಂಡೆ. ಅಂದಾಜು ಈಗಿನ ಕಾನೂನು ಹಾಗೇ ಇರುತ್ತದೆ ಅಂತ ಮಾಡಿದ್ದು. 2025ರ ಟ್ರಸ್ಟಿಗಳ ವರದಿಯ ಪ್ರಕಾರ ನಿವೃತ್ತಿ ನಿಧಿಯ ಉಳಿಕೆ 2033ರಲ್ಲಿ ಮುಗಿಯುತ್ತದೆ, ಆಗ ಬರುವ ತೆರಿಗೆಯಿಂದ ಶೇಕಡಾ 77ರಷ್ಟು ಮಾತ್ರ ಕೊಡಬಹುದು. ‘ಎಲ್ಲ ಮುಳುಗಿಹೋಗುತ್ತದೆ’ ಅನ್ನೋರ ಮಾತೂ ಸರಿಯಲ್ಲ, ‘ಏನೂ ಆಗಲ್ಲ’ ಅನ್ನೋದನ್ನೂ ನಾನು ನಂಬಲಾರೆ. ನಮ್ಮ ಎಕ್ಸೆಲ್‌ನಲ್ಲಿ ಶೇಕಡಾ 77ಕ್ಕೆ ಬೇರೆ ಸಾಲು ಹಾಕಿದೆ.

ಅಂದಾಜಿನಲ್ಲಿ ತೆರಿಗೆಯನ್ನೂ ಕಳೆದಿರೋದಿಲ್ಲ. ಇಲ್ಲೇ ಇರುವವರಿಗೆ ಮೆಡಿಕೇರ್ ಪಾರ್ಟ್ ಬಿ ಪ್ರೀಮಿಯಂ ಕೂಡ ಪೆನ್ಷನ್‌ನಿಂದಲೇ ಹೋಗುತ್ತದೆ, 2025ರಲ್ಲಿ ತಿಂಗಳಿಗೆ 185 ಡಾಲರ್. ಊರಿಗೆ ಹೋಗಿ ಗ್ರೀನ್ ಕಾರ್ಡ್ ಬಿಟ್ಟ ಭಾರತೀಯರಿಗೆ ಪೆನ್ಷನ್‌ನ ಶೇಕಡಾ 85 ಭಾಗಕ್ಕೆ ಶೇಕಡಾ 30 ತೆರಿಗೆ ಹಿಡಿಯುತ್ತಾರೆ, ಒಟ್ಟಾರೆ ಶೇಕಡಾ 25.5. 1,991 ಡಾಲರ್ ಕೈಗೆ ಬರುವಾಗ ಸುಮಾರು 1,483. ಪೆನ್ಷನ್ ಭಾರತಕ್ಕೆ ಬರುತ್ತದೆಯೇ ಅನ್ನೋ ಭಯ ಬೇಡ, ದುಡಿದವರಿಗೆ 40 ಕ್ರೆಡಿಟ್ ಇದ್ದರೆ ಬರುತ್ತದೆ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಕ್ರೆಡಿಟ್, ಹಾಗಾಗಿ ಸುಮಾರು ಹತ್ತು ವರ್ಷದ ದುಡಿಮೆ. ಎಂಟೊಂಬತ್ತು ವರ್ಷಕ್ಕೆ ಹೊರಡುವವರು ಮಾತ್ರ ಇದನ್ನು ಹತ್ತು ಸಲ ಯೋಚಿಸಿ. ಎರಡೂ ದೇಶದ ವರ್ಷಗಳನ್ನು ಕೂಡಿಸುವ ಒಪ್ಪಂದ ಅಮೆರಿಕಕ್ಕೂ ಭಾರತಕ್ಕೂ ನಡುವೆ ಇಲ್ಲ. ನಿಮ್ಮ ಇಪಿಎಫ್ ವರ್ಷಗಳು ಇಲ್ಲಿನ 40ಕ್ಕೆ ಸೇರೋದಿಲ್ಲ.

ಕಳೆದ ವಾರ ಲಾಗಿನ್ ಮಾಡಿದಾಗ 2010ರ ಸಾಲಿನಲ್ಲಿ ಸಂಬಳ ಬಂದು ಕೂತಿತ್ತು. ಕ್ಯಾಲ್ಕುಲೇಟರ್‌ನಲ್ಲಿ 0 ಹಾಕಿದೆ, 1,671. ಭಾವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಅವರ ಉತ್ತರ: ‘ಸರಿ, ಈಗ ನಿನ್ನ ಗಂಡನದ್ದನ್ನು ತೆಗಿ. ಅವನ ಹೆಸರೂ ಒಂದೊಂದು ಕಡೆ ಒಂದೊಂದು ಥರ ಇದೆ.’